ಡಿಸ್ಚಾರ್ಜ್ ಆದ ಮಾತ್ರಕ್ಕೆ ವಿಮಾನ ಹತ್ತಬಹುದಾ?

ಹಾಸನದ ನಮ್ಮ ಚಿಕ್ಕಮ್ಮ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದರು. ವಯಸ್ಸು 66. ಮೂರು ವರ್ಷದ ಹಿಂದೆ ಹೃದಯಕ್ಕೆ ಒಂದು ಸ್ಟೆಂಟ್ ಹಾಕಿದೆ, ಆಮೇಲೆ ಏನೂ ತೊಂದರೆ ಇರಲಿಲ್ಲ. ಮೇ 4ರಂದು ಮನೆಯ ಮೆಟ್ಟಿಲಿನಲ್ಲಿ ಜಾರಿ ಬಲಗಾಲಿನ ಪಾದದ ಗಂಟು ಮುರಿಯಿತು. ಎರಡೂ ಪಕ್ಕದ ಮೂಳೆ ಮುರಿದಿದ್ದವು. 6ನೇ ತಾರೀಕು ಆಪರೇಷನ್ ಮಾಡಿ ಪ್ಲೇಟು, ಸ್ಕ್ರೂ ಹಾಕಿದರು. ಮೊಣಕಾಲಿನ ಕೆಳಗಿನವರೆಗೆ ಪ್ಲಾಸ್ಟರ್. 8ನೇ ತಾರೀಕು ಮನೆಗೆ ಕಳಿಸಿದರು. ಊರಿಗೆ ಮರಳುವ ಟಿಕೆಟ್ ಇದ್ದದ್ದು 12ಕ್ಕೆ.

ಆ ಮಗಳು, ಅಂದರೆ ನನ್ನ ತಂಗಿ, ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ. "ಆಸ್ಪತ್ರೆಯವರೇ ಡಿಸ್ಚಾರ್ಜ್ ಮಾಡಿದ್ದಾರಲ್ಲ ಅಣ್ಣ, ಇನ್ನು ವಿಮಾನ ಹತ್ತೋದಕ್ಕೆ ಏನು ಅಡ್ಡಿ? ವೀಲ್‌ಚೇರ್ ಅಂತೂ ಬುಕ್ ಮಾಡಿದೀನಿ."

ಕೇಳಿದ್ದು ಸಹಜ. ಆದರೆ ಆ ಮಾತಿನಲ್ಲಿ ಎರಡು ತಪ್ಪು ತಿಳಿವಳಿಕೆ ಇದ್ದವು. ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳುವುದು ನೆಲದ ಮೇಲಿನ ಮನೆಯನ್ನು ನೆನೆದು. ವಿಮಾನದೊಳಗಿನ ಗಾಳಿ ಬೇರೆ. ಇನ್ನು ವೀಲ್‌ಚೇರ್ ಬುಕ್ ಮಾಡುವುದಕ್ಕೂ ವಿಮಾನ ಕಂಪನಿಯ ವೈದ್ಯಕೀಯ ಒಪ್ಪಿಗೆ ಪಡೆಯುವುದಕ್ಕೂ ಸಂಬಂಧವೇ ಇಲ್ಲ.

ಮೊದಲು ಗಾಳಿಯ ವಿಷಯ. ವಿಮಾನ 35,000 ಅಡಿ ಎತ್ತರದಲ್ಲಿ ಹಾರುವಾಗ ಒಳಗೆ ಗಾಳಿಯ ಒತ್ತಡ ತುಂಬಿಸಿರುತ್ತಾರೆ, ನಿಜ. ಆದರೆ ನೆಲಮಟ್ಟದಷ್ಟು ತುಂಬಿಸುವುದಿಲ್ಲ. ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಎಷ್ಟಿರುತ್ತದೋ ಅಷ್ಟು. ಊಟಿ ಸುಮಾರು 7,350 ಅಡಿ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿ 6,300 ಅಡಿಯ ಆಸುಪಾಸು. ಅಂದರೆ ಲಂಡನ್ನಿನಿಂದ ಬೆಂಗಳೂರಿಗೆ ಹತ್ತು ಗಂಟೆ ಹಾರುವುದೆಂದರೆ, ಆಪರೇಷನ್ ಆದವರನ್ನು ಊಟಿಗೆ ಕರೆದೊಯ್ದು ಹತ್ತು ಗಂಟೆ ಒಂದೇ ಕುರ್ಚಿಯಲ್ಲಿ ಕೂರಿಸಿದ ಹಾಗೆ.

ಊಟಿಯಲ್ಲಿ ನಮಗೇನೂ ಆಗುವುದಿಲ್ಲ, ಅಲ್ವಾ? ಹೌದು, ಆರೋಗ್ಯವಾಗಿರುವವರಿಗೆ ಆಗುವುದಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್‌ನಲ್ಲಿ ನೆಲದ ಮೇಲೆ 97, 98 ತೋರಿಸುವ ಆಮ್ಲಜನಕ ಅಲ್ಲಿ 90ರ ಆಸುಪಾಸಿಗೆ ಇಳಿದರೂ ದೇಹ ಸುಧಾರಿಸಿಕೊಳ್ಳುತ್ತದೆ. ಹೃದಯ ಸ್ವಲ್ಪ ಜೋರಾಗಿ ಬಡಿಯುತ್ತದೆ, ಉಸಿರು ಸ್ವಲ್ಪ ಆಳವಾಗುತ್ತದೆ. ಆದರೆ ಹೃದಯ ಆಗಲೇ ಬಳಲಿದ್ದರೆ ಆ ಹೆಚ್ಚಿನ ಕೆಲಸವನ್ನು ಅದು ಎಲ್ಲಿಂದ ತರಬೇಕು? ಆಪರೇಷನ್‌ನಲ್ಲಿ ಜಾಸ್ತಿ ರಕ್ತ ಹೋಗಿ ಹಿಮೋಗ್ಲೋಬಿನ್ ಕೆಳಗಿದ್ದರೂ ಇದೇ ತೊಂದರೆ. ಇರುವ ಸ್ವಲ್ಪ ಆಮ್ಲಜನಕವನ್ನು ಹೊತ್ತೊಯ್ಯುವ ಗಾಡಿಗಳೇ ಕಡಿಮೆ. ಅದಕ್ಕೇ ವಿಮಾನ ಕಂಪನಿಯ ಡಾಕ್ಟರು ಹಿಮೋಗ್ಲೋಬಿನ್ ಎಷ್ಟು ಎಂದು ಕೇಳುತ್ತಾರೆ. 7.5ಕ್ಕಿಂತ ಕೆಳಗಿದ್ದರೆ ಸುಲಭಕ್ಕೆ ಒಪ್ಪುವುದಿಲ್ಲ.

ಎರಡನೆಯದು ಗಾಳಿ ಹಿಗ್ಗುವುದು. ಊಟಿ ಘಾಟಿ ಹತ್ತುವಾಗ ಚಿಪ್ಸ್ ಪ್ಯಾಕೆಟ್ ಉಬ್ಬಿಕೊಳ್ಳುವುದನ್ನು ನೋಡಿರುತ್ತೀರಿ. ಹೊರಗಿನ ಒತ್ತಡ ಇಳಿದಾಗ ಒಳಗೆ ಸಿಕ್ಕಿಬಿದ್ದ ಗಾಳಿ ಹಿಗ್ಗುತ್ತದೆ. ವಿಮಾನದಲ್ಲಿ ಅದು ಸುಮಾರು ಮೂರನೇ ಒಂದು ಭಾಗದಷ್ಟು ಹಿಗ್ಗುತ್ತದೆ. ದೇಹದೊಳಗೆ ಎಲ್ಲೆಲ್ಲಿ ಗಾಳಿ ಸಿಕ್ಕಿಕೊಂಡಿದೆಯೋ ಅಲ್ಲೆಲ್ಲ ಇದೇ ಕಥೆ. ಯಾವ ಆಪರೇಷನ್‌ಗೆ ಎಷ್ಟು ದಿನ ಕಾಯಬೇಕು ಎಂಬ ಲೆಕ್ಕದ ಹಿಂದೆ ಬಹಳ ಸಲ ಇರುವುದು ಇದೇ.

ಹೊಟ್ಟೆಯ ಆಪರೇಷನ್ ತೆಗೆದುಕೊಳ್ಳಿ. ಸಣ್ಣ ತೂತು ಮಾಡಿ ಲ್ಯಾಪ್ರೊಸ್ಕೋಪಿಯಲ್ಲಿ ಮಾಡಿದ್ದರೆ, ಒಳಗೆ ತುಂಬಿದ್ದ ಇಂಗಾಲದ ಡೈಆಕ್ಸೈಡ್ ಬೇಗ ರಕ್ತದಲ್ಲಿ ಕರಗಿಹೋಗುತ್ತದೆ. ಆದ್ದರಿಂದ ಒಂದೆರಡು ದಿನಕ್ಕೇ ಹಾರಬಹುದು ಎನ್ನುತ್ತಾರೆ. ಹೊಟ್ಟೆ ತೆರೆದು ಕರುಳನ್ನು ಕತ್ತರಿಸಿ ಜೋಡಿಸಿದ್ದರೆ ಸುಮಾರು 10 ದಿನ. ಕರುಳಿನೊಳಗಿನ ಗಾಳಿ ಹಿಗ್ಗಿದರೆ ಹೊಸ ಹೊಲಿಗೆಯನ್ನು ಎಳೆಯುತ್ತದೆ. ಬಿದ್ದು ಪಕ್ಕೆಲುಬು ಮುರಿದು, ಅದು ಶ್ವಾಸಕೋಶಕ್ಕೆ ಚುಚ್ಚಿ ಎದೆಗೂಡಿನಲ್ಲಿ ಗಾಳಿ ಸೇರಿದ್ದರೆ, ಶ್ವಾಸಕೋಶ ಪೂರ್ತಿ ಅರಳಿದೆ ಎಂದು ಎಕ್ಸ್‌ರೇಯಲ್ಲಿ ಕಂಡ ಮೇಲೆ ಕಡಿಮೆಯೆಂದರೂ ಒಂದು ವಾರ ಕಾಯಬೇಕು. ಎಲ್ಲಕ್ಕಿಂತ ಅಪಾಯದ್ದು ಕಣ್ಣಿನದು. ರೆಟಿನಾ ಆಪರೇಷನ್‌ನಲ್ಲಿ ಕೆಲವೊಮ್ಮೆ ಕಣ್ಣಿನೊಳಗೆ ಗ್ಯಾಸ್ ತುಂಬಿರುತ್ತಾರೆ. ಅದು ಕರಗಲು ಗ್ಯಾಸಿನ ಮೇಲೆ ಹೋಗಿ ಎರಡು ವಾರವೂ ಬೇಕಾಗಬಹುದು, ಆರು ವಾರಕ್ಕಿಂತ ಜಾಸ್ತಿಯೂ ಆಗಬಹುದು. ಗುಳ್ಳೆ ಇರುವಾಗ ಹಾರಿದರೆ ಒತ್ತಡ ಏರಿ ದೃಷ್ಟಿಯೇ ಹೋಗಬಹುದು. ಅಂಥವರು ಕಾರಿನಲ್ಲಿ ಮಡಿಕೇರಿ, ಊಟಿ ಕಡೆ ಹೋಗುವ ಮುಂಚೆಯೂ ಕಣ್ಣಿನ ಡಾಕ್ಟರನ್ನು ಕೇಳಲೇಬೇಕು. ಘಾಟಿಗೂ ವಿಮಾನಕ್ಕೂ ಆ ಗುಳ್ಳೆ ವ್ಯತ್ಯಾಸ ಮಾಡುವುದಿಲ್ಲ.

ಚಿಕ್ಕಮ್ಮನಿಗೆ ಇದು ಯಾವುದೂ ಇರಲಿಲ್ಲ. ಆದರೆ ಪ್ಲಾಸ್ಟರ್ ಇತ್ತು. ಹೊಸ ಪ್ಲಾಸ್ಟರ್‌ನೊಳಗೂ ಗಾಳಿ ಸಿಕ್ಕಿಕೊಂಡಿರುತ್ತದೆ, ಕಾಲೂ ಊದುತ್ತಿರುತ್ತದೆ. ಸುತ್ತ ಗಟ್ಟಿ ಗೋಡೆ, ಒಳಗೆ ಊದುವ ಕಾಲು. ಜಾಗ ಸಾಲದೆ ರಕ್ತ ಹರಿಯುವುದಕ್ಕೇ ಅಡ್ಡಿಯಾಗಬಹುದು. ನೆಲದ ಮೇಲಾದರೆ ಆಸ್ಪತ್ರೆಗೆ ಓಡಿ ಪ್ಲಾಸ್ಟರ್ ಕತ್ತರಿಸಬಹುದು. ಸಮುದ್ರದ ಮೇಲೆ 35,000 ಅಡಿಯಲ್ಲಿ ಪ್ಲಾಸ್ಟರ್ ಕತ್ತರಿಸುವ ಗರಗಸ ಇರುವುದಿಲ್ಲ. ಆದ್ದರಿಂದ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರದ ಸಲಹೆ ಹೀಗಿದೆ: ಪ್ಲಾಸ್ಟರ್ ಹಾಕಿ 24 ಗಂಟೆ ಆಗಿದ್ದರೆ ಎರಡು ಗಂಟೆಯೊಳಗಿನ ಹಾರಾಟ ಸರಿ, ಅದಕ್ಕಿಂತ ಉದ್ದದ ಹಾರಾಟಕ್ಕೆ 48 ಗಂಟೆ ಆಗಿರಬೇಕು. ಅಷ್ಟು ಕಾಯಲು ಆಗದಿದ್ದರೆ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿಸಿಕೊಳ್ಳಬೇಕು. ಸೀಳಿದರೆ ಊದಲು ಜಾಗ ಸಿಗುತ್ತದೆ. ಡಾಕ್ಟರ ಪತ್ರದಲ್ಲಿ ಹಾಗೆ ಸೀಳಿದೆ ಎಂದು ಬರೆದಿರಬೇಕು.

ಇದನ್ನು ಓದಿದ ತಂಗಿಗೆ ಧೈರ್ಯ ಬಂತು. "48 ಗಂಟೆ ಅಂದ್ರೆ 12ಕ್ಕೆ ಆರಾಮಾಗಿ ಹೋಗಬಹುದಲ್ಲ?"

ಇಲ್ಲಿಯೇ ಜನ ಎಡವುವುದು. 48 ಗಂಟೆ ಎನ್ನುವುದು ಪ್ಲಾಸ್ಟರಿನ ಲೆಕ್ಕ ಮಾತ್ರ. ಪ್ಲಾಸ್ಟರಿನ ಒಳಗೆ ಆಪರೇಷನ್ ಆದ ಗಾಯ ಇದೆ, ಅದರ ಪಕ್ಕದಲ್ಲೇ ಅಲುಗಾಡದ ಮೀನಖಂಡ ಇದೆ. ಕಾಲಿನ ರಕ್ತ ಮೇಲಕ್ಕೆ ಹೋಗುವುದು ಮೀನಖಂಡದ ಸ್ನಾಯು ಹಿಂಡಿದಾಗ. ಪ್ಲಾಸ್ಟರಿನಲ್ಲಿ ಅದು ಹಿಂಡುವುದಿಲ್ಲ, ರಕ್ತ ನಿಂತು ಹೆಪ್ಪುಗಟ್ಟಬಹುದು. ಆಪರೇಷನ್ ಆದ ಮೇಲೆ ದೇಹದ ರಕ್ತಕ್ಕೆ ತಾನಾಗಿಯೇ ಹೆಪ್ಪುಗಟ್ಟುವ ಸ್ವಭಾವ ಹೆಚ್ಚಿರುತ್ತದೆ. ಅದರ ಮೇಲೆ ಕೂತಲ್ಲೇ ಹತ್ತು ಗಂಟೆ. ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ನಾಲ್ಕು ಗಂಟೆಗಿಂತ ಉದ್ದದ ಪ್ರಯಾಣದಲ್ಲಿ ಈ ಅಪಾಯ ಆರೋಗ್ಯವಂತರಿಗೂ ಸ್ವಲ್ಪ ಏರುತ್ತದೆ. ಹೊಸದಾಗಿ ಕಾಲಿನ ಆಪರೇಷನ್ ಆದವರ ಮಾತು ಬೇರೆಯೇ.

ಆಪರೇಷನ್ ಮಾಡಿದ ಸರ್ಜನ್‌ಗೆ ಕೇಳಿದಾಗ ಅವರು ಸ್ಪಷ್ಟವಾಗಿ ಹೇಳಿದರು: ಎರಡು ವಾರಕ್ಕೆ ಗಾಯ ನೋಡಿ, ಹೊಲಿಗೆ ತೆಗೆದು, ಎಕ್ಸ್‌ರೇ ತೆಗೆದು, ಹೊಸ ಪ್ಲಾಸ್ಟರ್ ಹಾಕಿದ ಮೇಲೆ ಹೊರಡುವ ಮಾತು. ಅಲ್ಲಿಯವರೆಗೂ, ಆಮೇಲೂ, ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್ ದಿನಕ್ಕೊಂದು. ಟಿಕೆಟ್ ಮುಂದೂಡುವುದೇ ಸರಿ ಎಂದು ನನಗೂ ಅನಿಸಿತು. ತಂಗಿಯ ರಜೆ, ದುಡ್ಡು ಎಲ್ಲ ತಲೆಕೆಳಗಾಯಿತು, ಪಾಪ. ಆದರೂ 27ಕ್ಕೆ ಬದಲಾಯಿಸಿದಳು.

ಈಗ ಒಪ್ಪಿಗೆಯ ವಿಷಯ. ವಿಮಾನ ಕಂಪನಿಗಳ ಫಾರಂ ಒಂದಿದೆ, ಮೆಡಿಫ್ ಎನ್ನುತ್ತಾರೆ. ಕಂಪನಿಯ ಹೆಸರಿನ ಜೊತೆ MEDIF ಎಂದು ಟೈಪ್ ಮಾಡಿದರೆ ಅವರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಹೆಚ್ಚಿನ ಕಂಪನಿಗಳ ಫಾರಂ ಹೆಚ್ಚುಕಡಿಮೆ ಒಂದೇ ಥರ, ಎರಡು ಭಾಗ. ಮೊದಲ ಭಾಗ ನಾವು ತುಂಬುವುದು: ಹೆಸರು, ಬುಕಿಂಗ್ ನಂಬರ್, ಯಾವ ವಿಮಾನ, ಜೊತೆಗೆ ಯಾರು ಬರುತ್ತಾರೆ, ಯಾವ ವೀಲ್‌ಚೇರ್. ಎರಡನೆಯದು ಚಿಕಿತ್ಸೆ ಕೊಟ್ಟ ಡಾಕ್ಟರು ತುಂಬುವುದು. ಅದನ್ನು ಕಂಪನಿಯ ಡಾಕ್ಟರು ಓದಿ ಹೌದು, ಇಲ್ಲ, ಅಥವಾ ಇಂತಿಂಥ ಷರತ್ತಿನ ಮೇಲೆ ಹೌದು ಎನ್ನುತ್ತಾರೆ. ಕೊನೆಯ ಮಾತು ಅವರದು. ನಮ್ಮ ಡಾಕ್ಟರದಲ್ಲ. ಹೊರಡುವ 48 ಗಂಟೆ ಮುಂಚೆಯಾದರೂ ಫಾರಂ ಅವರ ಕೈಸೇರಬೇಕು, ಕೆಲವರಿಗೆ 72 ಗಂಟೆ ಬೇಕು. ಹಾಗಂತ ತಿಂಗಳ ಮುಂಚೆ ತುಂಬಿಸಿದರೂ ನಡೆಯುವುದಿಲ್ಲ. ಅಮೆರಿಕದ ನಿಯಮದಲ್ಲಿ ವೈದ್ಯಕೀಯ ಪತ್ರ ಕೇಳಿದರೆ ಅದು ಹೊರಡುವ ದಿನಕ್ಕೆ 10 ದಿನದೊಳಗಿನದ್ದಾಗಿರಬೇಕು. ಉಳಿದ ಕಡೆಯೂ ಹೊಸ ಪತ್ರವನ್ನೇ ಕೇಳುತ್ತಾರೆ.

20ನೇ ತಾರೀಕು ಹೊಲಿಗೆ ತೆಗೆದರು. ಅಂದೇ ಆಸ್ಪತ್ರೆಯ ಕಿರಿಯ ಡಾಕ್ಟರೊಬ್ಬರು ಎರಡನೇ ಭಾಗ ತುಂಬಿಕೊಟ್ಟರು. ಬರೆದದ್ದು ಒಂದು ಸಾಲು: ಕಾಲಿನ ಮೂಳೆ ಮುರಿತಕ್ಕೆ ಆಪರೇಷನ್ ಆಗಿದೆ, ಸ್ಥಿರವಾಗಿದ್ದಾರೆ, ಪ್ರಯಾಣ ಮಾಡಬಹುದು. 21ಕ್ಕೆ ಕಳಿಸಿದೆವು. 22ಕ್ಕೆ ಪ್ರಶ್ನೆಗಳ ಸಮೇತ ವಾಪಸ್ ಬಂತು.

ಕಂಪನಿಯವರು ಸತಾಯಿಸುತ್ತಿದ್ದಾರೆ ಎಂದು ತಂಗಿಗೆ ಕೋಪ. ಆದರೆ ಕಂಪನಿಯ ಡಾಕ್ಟರ ಕುರ್ಚಿಯಲ್ಲಿ ಕೂತು ಯೋಚಿಸಿ. ಅವರು ಚಿಕ್ಕಮ್ಮನನ್ನು ಕಂಡಿಲ್ಲ, ಕಾಣುವುದೂ ಇಲ್ಲ. ಅವರಿಗೆ ಆ ಕಾಗದವೇ ರೋಗಿ. ಮೊಣಕಾಲು ಮಡಚುತ್ತದಾ ಎಂದು ಆ ಒಂದು ಸಾಲಿನಿಂದ ಹೇಗೆ ತಿಳಿಯಬೇಕು? ಪ್ಲಾಸ್ಟರ್ ತೊಡೆಯವರೆಗೆ ಇದ್ದರೆ ಕಾಲು ನೇರ ಚಾಚಿಕೊಂಡೇ ಇರುತ್ತದೆ, ಇಕಾನಮಿ ಸೀಟಿನಲ್ಲಿ ಹಿಡಿಸುವುದಿಲ್ಲ. ಓಡಾಡುವ ದಾರಿಗೆ ಕಾಲು ಚಾಚಲು ಬಿಡುವುದಿಲ್ಲ, ತುರ್ತು ಬಾಗಿಲಿನ ಪಕ್ಕ ಅಗಲದ ಜಾಗ ಇದ್ದರೂ ಅಲ್ಲಿ ಕೂರಿಸುವುದಿಲ್ಲ. ಆಗ ಹೆಚ್ಚಿನ ಸೀಟು, ಬಿಸಿನೆಸ್ ಕ್ಲಾಸ್, ಅದೂ ಆಗದಿದ್ದರೆ ಹಲವು ಸೀಟು ಮಡಚಿ ಅದರ ಮೇಲೆ ಕಟ್ಟುವ ಸ್ಟ್ರೆಚರ್. ಅಷ್ಟೂ ಸೀಟಿನ ದುಡ್ಡು ನಮ್ಮದೇ.

ಅವರು ಕೇಳಿದ ಇನ್ನೊಂದು ಪ್ರಶ್ನೆ ನನಗೆ ತುಂಬಾ ಅರ್ಥಪೂರ್ಣ ಎನಿಸಿತು. ಮೊದಲ ಭಾಗದಲ್ಲಿ ಸ್ಟೆಂಟ್ ಇದೆ ಎಂದು ತಂಗಿ ಪ್ರಾಮಾಣಿಕವಾಗಿ ಬರೆದಿದ್ದಳು. ಡಾಕ್ಟರ ಭಾಗದಲ್ಲಿ ಹೃದಯದ ಜಾಗ ಖಾಲಿ ಇತ್ತು. ಮೆಡಿಫ್‌ನಲ್ಲಿ ಹೃದಯದ ಬಗ್ಗೆ ಇರುವ ಮುಖ್ಯ ಪ್ರಶ್ನೆ ಬಹಳ ಸರಳ: ಮಾಮೂಲಿ ವೇಗದಲ್ಲಿ 100 ಮೀಟರ್ ನಡೆಯಲು, ಅಥವಾ 10ರಿಂದ 12 ಮೆಟ್ಟಿಲು ಹತ್ತಲು, ಎದೆನೋವು ಏದುಸಿರು ಇಲ್ಲದೆ ಆಗುತ್ತದಾ? ಊಟಿಯ ಗಾಳಿಯಲ್ಲಿ ಸುಮ್ನೆ ಕೂರುವುದಕ್ಕೆ ಬೇಕಾದಷ್ಟು ಶಕ್ತಿ ಹೃದಯದಲ್ಲಿ ಉಳಿದಿದೆಯೇ ಎಂದು ಅಳೆಯುವ ಸುಲಭದ ದಾರಿ ಅದು. ಆದರೆ ಕಾಲು ಮುರಿದವರು 100 ಮೀಟರ್ ನಡೆಯುವುದು ಹೇಗೆ? ಹಾಗಾಗಿ ಡಾಕ್ಟರು ಬೀಳುವ ಮುಂಚಿನ ಸ್ಥಿತಿಯನ್ನು ಕೇಳಿ ಬರೆಯಬೇಕಾಯಿತು.

ಹೊಸದಾಗಿ ಹೃದಯಾಘಾತ ಆದವರ ಲೆಕ್ಕ ಇದಕ್ಕಿಂತ ಬಿಗಿ. ಬ್ರಿಟಿಷ್ ಹೃದ್ರೋಗ ತಜ್ಞರ ಸಂಘ 2010ರಲ್ಲಿ ಕೊಟ್ಟ ಸಲಹೆ ರೋಗಿಗಳನ್ನು ಮೂರು ಗುಂಪು ಮಾಡುತ್ತದೆ. ವಯಸ್ಸು 65ರ ಒಳಗೆ, ಮೊದಲ ಸಲದ ಆಘಾತ, ರಕ್ತನಾಳ ತೆರೆದಿದೆ, ಹೃದಯ ಚೆನ್ನಾಗಿ ಪಂಪ್ ಮಾಡುತ್ತಿದೆ, ಬೇರೆ ತೊಡಕಿಲ್ಲ ಎಂದಾದರೆ ಮೂರು ದಿನದ ನಂತರ ಹಾರಬಹುದು. ಪಂಪಿಂಗ್ ಸಾಧಾರಣ ಇದ್ದು ಲಕ್ಷಣವೇನೂ ಇಲ್ಲದಿದ್ದರೆ 10 ದಿನ. ಎಕೋದಲ್ಲಿ ಪಂಪಿಂಗ್ ಶೇಕಡಾ 40ಕ್ಕಿಂತ ಕಡಿಮೆ ಇದ್ದು ಉಸಿರು ಕಟ್ಟುತ್ತಿದ್ದರೆ, ಅಥವಾ ಇನ್ನೂ ಸ್ಟೆಂಟ್, ಬೈಪಾಸ್ ಆಗಬೇಕಿದ್ದರೆ, ದಿನದ ಲೆಕ್ಕವೇ ಇಲ್ಲ. ಸ್ಥಿತಿ ಸುಧಾರಿಸುವ ತನಕ ಹಾರಬಾರದು. ಆಘಾತವಿಲ್ಲದೆ ಮೊದಲೇ ನಿಗದಿ ಮಾಡಿಕೊಂಡು ಸ್ಟೆಂಟ್ ಹಾಕಿಸಿಕೊಂಡವರಿಗೆ ಎರಡು ದಿನ ಸಾಕು. ಬೈಪಾಸ್ ಆದವರಿಗೆ 10 ದಿನ, ಏಕೆಂದರೆ ಎದೆ ತೆರೆದಾಗ ಒಳಗೆ ಸೇರಿದ ಗಾಳಿ ಹೋಗಬೇಕು. ಇವು ಕಡಿಮೆಯಲ್ಲಿ ಕಡಿಮೆ ದಿನಗಳು. ಕಂಪನಿಗಳು ತಮ್ಮದೇ ಲೆಕ್ಕ ಇಟ್ಟುಕೊಂಡು ಇನ್ನೂ ಹೆಚ್ಚು ಕಾಯಿಸುವುದುಂಟು. ಆದ್ದರಿಂದ ಡಿಸ್ಚಾರ್ಜ್ ಸಾರಾಂಶ, ಎಕೋ ವರದಿ, ಈಚಿನ ಇಸಿಜಿ ಮೂರನ್ನೂ ಫಾರಂ ಜೊತೆ ಇಡುವುದು ಒಳ್ಳೆಯದು.

23ಕ್ಕೆ ಮತ್ತೆ ಕಳಿಸಿದ ಫಾರಂನಲ್ಲಿ ಡಾಕ್ಟರು ಬರೆದದ್ದು ಹೀಗಿತ್ತು. ಮೇ 6ರಂದು ಬಲ ಪಾದದ ಗಂಟಿಗೆ ಪ್ಲೇಟು ಮತ್ತು ಸ್ಕ್ರೂ ಹಾಕಲಾಗಿದೆ. ಮೇ 20ರಂದು ಹೊಲಿಗೆ ತೆಗೆದಿದೆ, ಗಾಯ ಒಣಗಿದೆ, ಸೋಂಕಿಲ್ಲ. ಅಂದೇ ಮೊಣಕಾಲಿನ ಕೆಳಗೆ ಹೊಸ ಪ್ಲಾಸ್ಟರ್, ಮೊಣಕಾಲು ಪೂರ್ತಿ ಮಡಚುತ್ತದೆ, ಸೀಟಿನಲ್ಲಿ ನೆಟ್ಟಗೆ ಕೂರಬಲ್ಲರು. ಬಲಗಾಲಿನ ಮೇಲೆ ಭಾರ ಹಾಕುವಂತಿಲ್ಲ. ಹಿಮೋಗ್ಲೋಬಿನ್ 11.2. ಆಕ್ಸಿಜನ್ ಬೇಡ. ದಿನಕ್ಕೊಂದು ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್, ಪ್ರಯಾಣದ ದಿನವೂ ಕೊಡಲಾಗುವುದು. ಮೂರು ವರ್ಷದ ಹಿಂದೆ ಸ್ಟೆಂಟ್, ಆಮೇಲೆ ಎದೆನೋವಿಲ್ಲ, ಬೀಳುವ ಮುಂಚೆ ಎರಡು ಮಹಡಿ ನಿಲ್ಲದೆ ಹತ್ತುತ್ತಿದ್ದರು, ಇಸಿಜಿಯಲ್ಲಿ ಹೊಸ ಬದಲಾವಣೆ ಇಲ್ಲ. ಶೌಚಾಲಯಕ್ಕೆ ಹೋಗಲು ಸಹಾಯ ಬೇಕು, ಮಗಳು ಜೊತೆಗಿರುತ್ತಾಳೆ.

24ಕ್ಕೆ ಒಪ್ಪಿಗೆ ಬಂತು. ಅದೇ ರೋಗಿ, ಅದೇ ಕಾಲು.

ಒಪ್ಪಿಗೆ ಬಂದ ಮೇಲೂ ಇನ್ನೊಂದು ಗಂಟು ಉಳಿದಿತ್ತು. ಟಿಕೆಟ್ ಗಲ್ಫ್ ಮೂಲಕ ಇತ್ತು, ಎರಡನೇ ವಿಮಾನ ಹಾರಿಸುವುದು ಬೇರೆ ಕಂಪನಿ. ಟಿಕೆಟ್ಟಿನ ಮೇಲೆ ಒಂದೇ ಹೆಸರು ಇದ್ದರೂ ವಿಮಾನವನ್ನು ನಿಜಕ್ಕೂ ಹಾರಿಸುವ ಕಂಪನಿಯೇ ಒಪ್ಪಬೇಕು. ಒಬ್ಬರು ಒಪ್ಪಿ ಇನ್ನೊಬ್ಬರು ಒಪ್ಪದಿದ್ದರೆ ನಡುದಾರಿಯ ಊರಲ್ಲಿ ಪ್ಲಾಸ್ಟರ್ ಕಾಲಿನ ಅಮ್ಮನನ್ನು ಕೂರಿಸಿಕೊಂಡು ಏನು ಮಾಡುವುದು? ಅದೇ ದಿನ ಎರಡನೇ ಕಂಪನಿಗೂ ಅದೇ ಕಾಗದಗಳನ್ನು ಕಳಿಸಿ, 26ರ ಮಧ್ಯಾಹ್ನ ಅವರ ಉತ್ತರ ಬಂದ ಮೇಲೆಯೇ ಪೆಟ್ಟಿಗೆ ಕಟ್ಟಿದ್ದು. ಇನ್ನೊಮ್ಮೆ ಇಂಥ ಸಂದರ್ಭ ಬಂದರೆ ನಾನು ನೇರ ವಿಮಾನವನ್ನೇ ಹುಡುಕುತ್ತೇನೆ, ದುಡ್ಡು ಸ್ವಲ್ಪ ಜಾಸ್ತಿಯಾದರೂ.

ವೀಲ್‌ಚೇರ್ ಬಗ್ಗೆಯೂ ಹೇಳಬೇಕು. ನಮ್ಮ ಮನೆಗಳಲ್ಲಿ ವಯಸ್ಸಾದವರು ಒಬ್ಬರೇ ಹೊರಟರೆ ದಾರಿ ತಪ್ಪದಿರಲಿ ಎಂದು ವೀಲ್‌ಚೇರ್ ಹಾಕಿಸುವ ರೂಢಿ ಇದೆ. ಅದು ಸಾಮಾನ್ಯವಾಗಿ WCHR ಎಂದು ಬುಕ್ ಆಗುತ್ತದೆ. ಅಂದರೆ ಈ ವ್ಯಕ್ತಿ ಮೆಟ್ಟಿಲು ಹತ್ತಬಲ್ಲರು, ದೂರ ನಡೆಯುವುದಷ್ಟೇ ಕಷ್ಟ ಎಂದರ್ಥ. WCHS ಎಂದರೆ ಮೆಟ್ಟಿಲು ಹತ್ತಲಾರರು, ವಿಮಾನದೊಳಗೆ ಸೀಟಿನ ತನಕ ನಡೆಯಬಲ್ಲರು. WCHC ಎಂದರೆ ಸೀಟಿನ ತನಕವೂ ಕುರ್ಚಿ ಬೇಕು. ತಂಗಿ ಮೊದಲು ಹಾಕಿಸಿದ್ದು WCHR. ವಿಮಾನ ದೂರದಲ್ಲಿ ನಿಂತು ಬಸ್ಸಿನಲ್ಲಿ ಕರೆದೊಯ್ದು ಮೆಟ್ಟಿಲ ಕೆಳಗೆ ಇಳಿಸಿದ್ದರೆ, ಒಂಟಿಕಾಲಿನ ಚಿಕ್ಕಮ್ಮ ಅಲ್ಲೇ ನಿಲ್ಲಬೇಕಾಗುತ್ತಿತ್ತು. WCHCಗೆ ಬದಲಾಯಿಸಿದ ಮೇಲೆ ಸೀಟುಗಳ ನಡುವೆ ಹೋಗುವ ಸಣ್ಣ ಕುರ್ಚಿ ಸಿಕ್ಕಿತು. ಆದರೆ ಗಗನಸಖಿಯರು ಆ ಕುರ್ಚಿಯನ್ನು ಶೌಚಾಲಯದ ಬಾಗಿಲ ತನಕ ತಳ್ಳುತ್ತಾರೆ, ಅಷ್ಟೇ. ಎತ್ತಿ ಕೂರಿಸುವುದು, ಒಳಗೆ ಸಹಾಯ ಮಾಡುವುದು ಅವರ ಕೆಲಸವಲ್ಲ. ಅದಕ್ಕೇ ಜೊತೆಗೊಬ್ಬರು ಬೇಕೇ ಬೇಕು.

ಹೊರಡುವ ದಿನ ಇಂಜೆಕ್ಷನ್‌ಗಳನ್ನು ಕೈಚೀಲದಲ್ಲೇ ಇಟ್ಟಿದ್ದರು, ಡಾಕ್ಟರ ಚೀಟಿಯ ಜೊತೆ. ಅದನ್ನು ಲಗೇಜಿಗೆ ಹಾಕಬಾರದು, ಅಲ್ಲಿಯ ಚಳಿಗೆ ಔಷಧಿ ಮಂಜುಗಟ್ಟಿ ಕೆಡಬಹುದು, ಪೆಟ್ಟಿಗೆಯೇ ಬರದೆಯೂ ಹೋಗಬಹುದು. ಒಪ್ಪಿಗೆ ಪತ್ರದ ಎರಡು ಪ್ರತಿ ಕೈಯಲ್ಲಿತ್ತು. ಚೆಕ್‌ಇನ್‌ನಲ್ಲಿ ಒಮ್ಮೆ, ಗೇಟಿನಲ್ಲಿ ಮತ್ತೊಮ್ಮೆ ಕೇಳಿದರು. ವಿಮಾನದಲ್ಲಿ ಗಂಟೆಗೊಮ್ಮೆ ಎಡಗಾಲಿನ ಪಾದ ಮೇಲೆ ಕೆಳಗೆ ಆಡಿಸುವುದು, ಬಲಗಾಲಿನ ಬೆರಳುಗಳನ್ನು ಅಲುಗಿಸಿ ಬಣ್ಣ ನೋಡುವುದು ತಂಗಿಯ ಕೆಲಸ. ಬೆರಳು ನೀಲಿಯಾದರೆ, ಜೋಮು ಹಿಡಿದರೆ, ಪ್ಲಾಸ್ಟರಿನೊಳಗೆ ನೋವು ಏರುತ್ತಾ ಹೋದರೆ ಸಂಕೋಚ ಬಿಟ್ಟು ತಕ್ಷಣ ಸಿಬ್ಬಂದಿಗೆ ಹೇಳಬೇಕು.

ಬೆಂಗಳೂರಿಗೆ ಬಂದಿಳಿದಾಗ ಚಿಕ್ಕಮ್ಮನ ಬೆರಳು ಸ್ವಲ್ಪ ಊದಿತ್ತು, ಬಣ್ಣ ಸರಿಯಾಗಿತ್ತು. ಹಾಸನಕ್ಕೆ ಕಾರಿನಲ್ಲಿ ಹಿಂದಿನ ಸೀಟಿನ ಉದ್ದಕ್ಕೂ ಕಾಲು ಚಾಚಿಸಿ ದಿಂಬಿನ ಮೇಲೆ ಇಟ್ಟು ಕರೆದೊಯ್ದೆವು. ಇಂಜೆಕ್ಷನ್ ಮಾತ್ರ ನಿಲ್ಲಿಸಲಿಲ್ಲ. ಹಾರಾಟ ಮುಗಿದ ಮೇಲೂ ಕೆಲವು ವಾರ ಹೆಪ್ಪುಗಟ್ಟುವ ಭಯ ಇರುತ್ತದೆ. ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಕಂಡರೆ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಹೋಗಬೇಕು ಎಂದು ಲಂಡನ್ನಿನ ಸರ್ಜನ್ ಬರೆದುಕೊಟ್ಟಿದ್ದ ಚೀಟಿಯನ್ನು ಚಿಕ್ಕಪ್ಪ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು. ಪ್ಲಾಸ್ಟರ್ ತೆಗೆಯುವ ತನಕ ಅದು ಅಲ್ಲೇ ಇತ್ತು.